ತೆರಿಗೆ ನೋಟಿಸ್ ಟಪಾಲಿನಲ್ಲಿ ತಡವಾಗಿ ಬಂತಾ? ಕೈಗೆ ಸಿಕ್ಕ ದಿನವನ್ನು ಸಾಬೀತು ಮಾಡುವುದು ಹೀಗೆ

"ನೋಟಿಸಿನ ಮೇಲೆ ಮಾರ್ಚ್ 3 ಅಂತಿದೆ. 15 ದಿನದೊಳಗೆ ಉತ್ತರ ಕೊಡಿ ಅಂತಲೂ ಇದೆ. ಆದರೆ ಲಕೋಟೆ ನನ್ನ ಕೈಗೆ ಬಂದಿದ್ದೇ 24ಕ್ಕೆ. ಈಗೇನು ಮಾಡಲಿ?" ತಾರೀಖು ಬೇರೆ ಬೇರೆ ಇರುತ್ತದೆ, ಓದುಗರು ಕೇಳುವ ಪ್ರಶ್ನೆ ಮಾತ್ರ ಇದೇ. ಎಷ್ಟೋ ಸಲ ಗಡುವು ನಿಜಕ್ಕೂ ಮುಗಿದಿರುವುದಿಲ್ಲ. ಆದರೆ "ನನಗೆ ತಡವಾಗಿ ಸಿಕ್ಕಿತು" ಅಂತ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಸರಿಯಾದ ವಿಳಾಸ ಬರೆದು, ಅಂಚೆ ಶುಲ್ಕ ಕಟ್ಟಿ ಕಳಿಸಿದ ಪತ್ರ ಸಾಮಾನ್ಯವಾಗಿ ಎಷ್ಟು ದಿನಕ್ಕೆ ತಲುಪಬೇಕೋ ಅಷ್ಟು ದಿನಕ್ಕೆ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27 ಹೇಳುವುದು ಇದನ್ನೇ. ಅದೇ ಸೆಕ್ಷನ್‌ನಲ್ಲಿ "ಹಾಗಲ್ಲ ಎಂದು ಸಾಬೀತಾಗದಿದ್ದರೆ" ಎಂಬ ಮಾತೂ ಇದೆ. ನಮ್ಮ ಕೆಲಸವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಇಲ್ಲಿ ಹೇಳುತ್ತಿರುವುದು ಆದಾಯ ತೆರಿಗೆ ಇಲಾಖೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ನೋಟಿಸ್ ಬಗ್ಗೆ ಮಾತ್ರ. ಜಿಎಸ್‌ಟಿ ನೋಟಿಸ್ ಹೆಚ್ಚಾಗಿ ಪೋರ್ಟಲಿನಲ್ಲೇ ಬರುತ್ತದೆ, ಅದರ ಲೆಕ್ಕ ಬೇರೆ. ಸೆಕ್ಷನ್ ನಂಬರುಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಅದರಲ್ಲಿ ನಂಬರುಗಳು ಬದಲಾಗಿವೆ. ಹಾಗಾಗಿ ನಿಮ್ಮ ನೋಟಿಸಿನಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಬರೆದಿದೆಯೋ ಅದನ್ನೇ ಹಿಡಿಯಿರಿ.

ಕೈಯಲ್ಲಿ ಇರಬೇಕಾದದ್ದು ಇಷ್ಟೇ: ನೋಟಿಸ್, ಅದು ಬಂದ ಲಕೋಟೆ, ನಿಮ್ಮ ಗುರುತಿನ ಚೀಟಿಯ ನಕಲು, ಇ-ಫೈಲಿಂಗ್ ಪೋರ್ಟಲಿನ ಪಾಸ್‌ವರ್ಡ್, ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ.

ಅರ್ಥವಾಗಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ನೋಟಿಸಿನ ದಿನಾಂಕ 2025ರ ಮಾರ್ಚ್ 3. ಕಚೇರಿಯವರು ಅದನ್ನು ಅಂಚೆಗೆ ಕೊಟ್ಟಿದ್ದು ಮಾರ್ಚ್ 12ಕ್ಕೆ. ಪೋಸ್ಟ್‌ಮ್ಯಾನ್ 18ಕ್ಕೆ ಬಂದಾಗ ಮನೆಗೆ ಬೀಗ. ಮೇಷ್ಟ್ರು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು. 24ಕ್ಕೆ ವಾಪಸ್ ಬಂದು, ಬಾಗಿಲಲ್ಲಿ ಸಿಕ್ಕಿಸಿದ್ದ ಚೀಟಿ ನೋಡಿ, ಅಂಚೆ ಕಚೇರಿಗೆ ಹೋಗಿ ಸಹಿ ಹಾಕಿ ಲಕೋಟೆ ತಂದರು. ಒಡೆದು ನೋಡಿದರೆ "ಈ ನೋಟಿಸ್ ತಲುಪಿದ 15 ದಿನದೊಳಗೆ". ಮಾರ್ಚ್ 3ಕ್ಕೆ 15 ಸೇರಿಸಿದರು, 18 ಬಂತು. ಗಾಬರಿಯಾದರು.

1. ಲಕೋಟೆ ಎಸೆಯಬೇಡಿ

ಜನ ನೋಟಿಸನ್ನು ಫೈಲಿಗೆ ಹಾಕಿ ಲಕೋಟೆಯನ್ನು ಕಸಕ್ಕೆ ಹಾಕುತ್ತಾರೆ. ದಿನಾಂಕದ ಮಟ್ಟಿಗೆ ನೋಟಿಸಿಗಿಂತ ಲಕೋಟೆಗೇ ಬೆಲೆ ಜಾಸ್ತಿ. ಅದರ ಮೇಲೆ ಬಾರ್‌ಕೋಡ್ ಇರುವ ಲೇಬಲ್ ಇರುತ್ತದೆ. ಅಲ್ಲಿರುವ 13 ಅಕ್ಷರ-ಅಂಕಿಗಳ ನಂಬರೇ ಮುಂದಿನ ಎಲ್ಲ ಕೆಲಸಕ್ಕೂ ಬೇಕು. ಸ್ಪೀಡ್ ಪೋಸ್ಟ್ ಆದರೆ `E` ಇಂದ ಶುರುವಾಗಿ, ಇನ್ನೊಂದು ಅಕ್ಷರ, ಒಂಬತ್ತು ಅಂಕಿ, ಕೊನೆಗೆ `IN`. ಹಳೆಯ ರಿಜಿಸ್ಟರ್ಡ್ ಪೋಸ್ಟ್ ಆದರೆ ಮೊದಲ ಅಕ್ಷರ `R`. 2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದ್ದಾರೆ.

ಕೌಂಟರಿನಲ್ಲಿ ಬುಕ್ ಮಾಡಿದ ಲಕೋಟೆಯಾದರೆ ಲೇಬಲ್ ಮೇಲೆ ಬುಕ್ ಮಾಡಿದ ಕಚೇರಿ, ದಿನಾಂಕ, ತೂಕ, ಹಣ ಎಲ್ಲ ಅಚ್ಚಾಗಿರುತ್ತದೆ. ದೊಡ್ಡ ಕಚೇರಿಗಳು ಒಟ್ಟಿಗೆ ನೂರಾರು ಲಕೋಟೆ ಕಳಿಸುವಾಗ ಮೊದಲೇ ಅಚ್ಚಾದ ಬಾರ್‌ಕೋಡ್ ಮಾತ್ರ ಅಂಟಿಸಿರಬಹುದು, ದಿನಾಂಕ ಇಲ್ಲದಿರಬಹುದು. ಚಿಂತೆ ಬೇಡ, ನಂಬರ್ ಇದ್ದರೆ ಸಾಕು. ಹಿಂಬದಿಯಲ್ಲಿ ಅಂಚೆ ಮುದ್ರೆ ಬಿದ್ದಿದೆಯಾ ನೋಡಿ. ಮಸಿ ಹರಡಿ ಓದಲಾಗದಂತಿದ್ದರೆ ಲಕೋಟೆಯನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಮುದ್ರೆ ಇಲ್ಲದಿದ್ದರೂ ಕೇಸ್ ಹಾಳಾಗುವುದಿಲ್ಲ.

ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪೋಸ್ಟ್‌ಮ್ಯಾನ್ ಬಿಟ್ಟುಹೋದ ಚೀಟಿ ಇದ್ದರೆ ಅದನ್ನೂ ಲಕೋಟೆಯ ಜೊತೆಗೇ ಇಡಿ. ಲಕೋಟೆಯ ಮೇಲೆ ನೀವೇ ಪೆನ್ನಿನಲ್ಲಿ "24ಕ್ಕೆ ಬಂತು" ಅಂತ ಬರೆಯಲು ಹೋಗಬೇಡಿ. ಆಮೇಲೆ ಅದನ್ನು ಯಾರು ಬರೆದರು, ಯಾವಾಗ ಬರೆದರು ಎಂಬ ಅನುಮಾನಕ್ಕೆ ಸುಮ್ನೆ ದಾರಿಯಾಗುತ್ತದೆ.

2. ಗಡುವನ್ನು ಯಾವ ಮಾತಿನಲ್ಲಿ ಬರೆದಿದ್ದಾರೆ ಓದಿ

ನೋಟಿಸ್ ಎರಡು ಬಗೆಯಲ್ಲಿರುತ್ತದೆ. "ತಲುಪಿದ ಇಷ್ಟು ದಿನದೊಳಗೆ" ಎಂದಿದ್ದರೆ, ತಲುಪಿದ ದಿನ ಸಾಬೀತಾದ ಕೂಡಲೇ ಗಡುವೂ ಮುಂದಕ್ಕೆ ಹೋಗುತ್ತದೆ. ನೀವು ಯಾರ ದಯೆಯನ್ನೂ ಕೇಳಬೇಕಾಗಿಲ್ಲ.

"ಮಾರ್ಚ್ 18ರ ಒಳಗೆ" ಎಂದು ನೇರವಾಗಿ ದಿನಾಂಕವನ್ನೇ ಕೊಟ್ಟಿದ್ದರೆ ವಿಷಯ ಬೇರೆ. ಆಗ ತಲುಪಿದ ದಿನವನ್ನು ಸಾಬೀತು ಮಾಡಿದರೂ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ಗಡುವು ಮುಗಿದ ಮೇಲೆ ಲಕೋಟೆ ಸಿಕ್ಕಿದೆ, ಹೊಸ ದಿನಾಂಕ ಕೊಡಿ ಎಂದು ಅಧಿಕಾರಿಯನ್ನು ಕೇಳಬೇಕು. ಪುರಾವೆ ಅದೇ, ಕೇಳುವ ರೀತಿ ಮಾತ್ರ ಬೇರೆ. ಈ ವ್ಯತ್ಯಾಸ ನೋಡದೆ "ನನ್ನ ಗಡುವು ಇನ್ನೂ ಮುಗಿದಿಲ್ಲ" ಎಂದು ವಾದಿಸುತ್ತಾ ಕೂತವರು ದಿನ ಕಳೆದುಕೊಳ್ಳುತ್ತಾರೆ.

3. ಟಪಾಲಿಗೂ ಮೊದಲು ಇಮೇಲ್ ಬಂದಿತ್ತಾ?

ಅಂಚೆ ದಾಖಲೆ ಹುಡುಕಲು ಓಡುವ ಮೊದಲು ಇದನ್ನು ನೋಡಲೇಬೇಕು. ಸೆಕ್ಷನ್ 282ರ ಪ್ರಕಾರ ನೋಟಿಸನ್ನು ಅಂಚೆಯಲ್ಲೂ ಕಳಿಸಬಹುದು, ಇಮೇಲಿನಲ್ಲೂ ಕಳಿಸಬಹುದು. ಅದೇ ನೋಟಿಸ್ ಮಾರ್ಚ್ 3ಕ್ಕೇ ನಿಮ್ಮ ನೋಂದಾಯಿತ ಇಮೇಲಿಗೆ ಬಂದಿದ್ದರೆ, ಲಕೋಟೆ 24ಕ್ಕೆ ಸಿಕ್ಕಿತು ಎಂಬ ವಾದಕ್ಕೆ ಹೆಚ್ಚು ಬಲವಿರುವುದಿಲ್ಲ.

ಇ-ಫೈಲಿಂಗ್ ಪೋರ್ಟಲಿಗೆ ಲಾಗಿನ್ ಆಗಿ `Pending Actions` ಒಳಗಿನ `e-Proceedings` ನೋಡಿ. ನೋಟಿಸ್ ಅಲ್ಲಿದ್ದರೆ ಯಾವ ದಿನ ಹಾಕಿದ್ದಾರೆ ಎಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಪ್ರೊಫೈಲಿನಲ್ಲಿ ಯಾರ ಇಮೇಲ್ ಇದೆ ನೋಡಿ. ರಿಟರ್ನ್ ತುಂಬಿಕೊಟ್ಟವರು ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿಬಿಟ್ಟಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹಾಗಿದ್ದರೆ ಅವರಿಗೆ ಫೋನ್ ಮಾಡಿ, ಸ್ಪ್ಯಾಮ್ ಸೇರಿದಂತೆ ಎಲ್ಲ ಹುಡುಕಲು ಹೇಳಿ. ಅವರಿಗೆ ಮೇಲ್ ಬಂದಿದ್ದರೆ ಅದನ್ನು ಮುಚ್ಚಿಟ್ಟು "ಟಪಾಲೊಂದೇ ಬಂದಿದ್ದು" ಎಂದು ಬರೆಯಬೇಡಿ. ಇಲಾಖೆಯ ಕಂಪ್ಯೂಟರಿನಲ್ಲಿ ಮೇಲ್ ಕಳಿಸಿದ ದಾಖಲೆ ಇರುತ್ತದೆ. ಅದು ಹೊರಬಂದರೆ ನಿಮ್ಮ ಅಂಚೆ ಪುರಾವೆಯನ್ನೂ ಯಾರೂ ನಂಬುವುದಿಲ್ಲ. ಮೇಲ್ ಬೇರೆಯವರಿಗೆ ಹೋಗಿತ್ತು, ನನಗೆ ಗೊತ್ತಾಗಲಿಲ್ಲ ಎಂದು ಉಳ್ಳದ್ದನ್ನೇ ಬರೆದು ಸಮಯ ಕೇಳಿ.

ಇದೇ ಹೊತ್ತಿನಲ್ಲಿ ನೋಟಿಸಿನಲ್ಲಿ ಡಿಐಎನ್ ಇದೆಯಾ ನೋಡಿ. ಪ್ರತಿ ನೋಟಿಸಿಗೂ ಕಂಪ್ಯೂಟರ್ ಕೊಡುವ ಗುರುತಿನ ಸಂಖ್ಯೆ ಅದು, 2019ರ ಅಕ್ಟೋಬರ್ 1ರಿಂದ ಕಡ್ಡಾಯ. ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿದರೆ ನೋಟಿಸ್ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಮೇಷ್ಟ್ರ ಪೋರ್ಟಲಿನಲ್ಲಿ ನೋಟಿಸ್ ಇರಲಿಲ್ಲ, ಮೇಲೂ ಬಂದಿರಲಿಲ್ಲ. ಹಾಗಾಗಿ ಅವರ ಮಟ್ಟಿಗೆ ಅಂಚೆ ದಿನಾಂಕವೇ ನಿರ್ಣಾಯಕ.

4. ಟ್ರ್ಯಾಕಿಂಗ್ ಪುಟವನ್ನು ಇವತ್ತೇ ಉಳಿಸಿಕೊಳ್ಳಿ

ಅಂಚೆ ಇಲಾಖೆಯ `indiapost.gov.in` ತಾಣದಲ್ಲಿ ಆ 13 ಅಕ್ಷರಗಳ ನಂಬರ್ ಹಾಕಿ. ಲಕೋಟೆ ಬುಕ್ ಆದಲ್ಲಿಂದ ನಿಮ್ಮ ಕೈ ಸೇರುವವರೆಗಿನ ಪ್ರತಿ ಹೆಜ್ಜೆ ದಿನಾಂಕ, ಗಂಟೆ, ಕಚೇರಿಯ ಹೆಸರಿನ ಸಮೇತ ಬರುತ್ತದೆ. ಪೂರ್ತಿ ಪುಟವನ್ನು ಪಿಡಿಎಫ್ ಮಾಡಿ ಉಳಿಸಿ. ವೆಬ್ ವಿಳಾಸ ಮತ್ತು ನೀವು ತೆಗೆದ ದಿನಾಂಕ ಅದರಲ್ಲಿ ಕಾಣಬೇಕು. ನಾಳೆ ಮಾಡೋಣ ಅನ್ನಬೇಡಿ. ಹಳೆಯ ನಂಬರುಗಳ ವಿವರ ಕೆಲವು ಕಾಲದ ಮೇಲೆ ತಾಣದಲ್ಲಿ ಸಿಗುವುದಿಲ್ಲ.

ಮೂರು ಸಾಲುಗಳನ್ನು ಗುರುತು ಮಾಡಿಕೊಳ್ಳಿ. ಮೊದಲನೆಯದು ಬುಕಿಂಗ್. ನೋಟಿಸಿನ ದಿನಾಂಕ ಮಾರ್ಚ್ 3 ಆಗಿದ್ದು ಬುಕಿಂಗ್ 12 ಎಂದಿದ್ದರೆ, ಆ ಒಂಬತ್ತು ದಿನ ಲಕೋಟೆ ತೆರಿಗೆ ಕಚೇರಿಯಲ್ಲೇ ಇತ್ತು ಎಂದಾಯಿತು. ಅಧಿಕಾರಿ ಇದಕ್ಕೆ ಎದುರು ಹೇಳುವುದು ಕಷ್ಟ. ಎರಡನೆಯದು ಪೋಸ್ಟ್‌ಮ್ಯಾನ್ ಬಂದು ಹಿಂದೆ ಹೋದ ಸಾಲು: ಬೀಗ ಹಾಕಿತ್ತು, ವಿಳಾಸದಾರರು ಇರಲಿಲ್ಲ ಎಂಬಂಥ ಷರಾ. ಮೂರನೆಯದು ಡೆಲಿವರಿ.

ಎರಡನೆಯ ಸಾಲು ಇದ್ದರೆ ಸ್ವಲ್ಪ ಎಚ್ಚರ ಬೇಕು. ಬೀಗ ಹಾಕಿದ್ದರೆ ಲಕೋಟೆಯನ್ನು ಅಂಚೆ ಕಚೇರಿಯಲ್ಲಿ ಕೆಲವು ದಿನ ಇಟ್ಟುಕೊಳ್ಳುತ್ತಾರೆ, ಅಷ್ಟರಲ್ಲಿ ಹೋಗಿ ತರದಿದ್ದರೆ ಕಳಿಸಿದವರಿಗೇ ವಾಪಸ್. ಷರಾ "ನಿರಾಕರಿಸಿದರು" ಎಂದಿದ್ದರಂತೂ ನೋಟಿಸ್ ತಲುಪಿದಂತೆಯೇ ಲೆಕ್ಕ. ಇದರಲ್ಲಿ ನ್ಯಾಯಾಲಯಗಳಿಗೆ ಗೊಂದಲವಿಲ್ಲ. ತೆರಿಗೆ ಲಕೋಟೆ ಅಂತ ಹೆದರಿ "ತಗೊಳ್ಳೋದೇ ಬೇಡ" ಅನ್ನುವವರು ಇವತ್ತಿಗೂ ಇದ್ದಾರೆ. ಅದರಿಂದ ನಷ್ಟವೇ.

5. ಅಂಚೆ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ

ಟ್ರ್ಯಾಕಿಂಗ್ ಪುಟ ಒಳ್ಳೆಯ ಪುರಾವೆ. ಅಂಚೆಯವರೇ ಸಹಿ ಹಾಕಿ ಕೊಟ್ಟ ಕಾಗದಕ್ಕೆ ಅದಕ್ಕಿಂತ ತೂಕ ಜಾಸ್ತಿ. ಡೆಲಿವರಿ ಕೊಟ್ಟ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಲಕೋಟೆಯ ನಂಬರ್ ಕೊಟ್ಟು, ಯಾವ ದಿನ, ಯಾರಿಗೆ ಡೆಲಿವರಿ ಆಗಿದೆ ಎಂದು ಬರೆದುಕೊಡಲು ಕೇಳಿ. ಜೊತೆಗೆ ಲಕೋಟೆಯ ನಕಲು, ಗುರುತಿನ ಚೀಟಿಯ ನಕಲು ಇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಚಿಕ್ಕ ಕಚೇರಿಗಳಲ್ಲಿ ಅವತ್ತೇ ಬರೆದುಕೊಡುವವರೂ ಇದ್ದಾರೆ, "ಮೇಲಿನವರನ್ನು ಕೇಳಬೇಕು" ಅನ್ನುವವರೂ ಇದ್ದಾರೆ.

ಎರಡನೆಯ ಉತ್ತರ ಬಂದರೆ ವಾದ ಮಾಡದೆ ಅದೇ ದಿನ ಮಾಹಿತಿ ಹಕ್ಕಿನ ಅರ್ಜಿ ಹಾಕಿ. `rtionline.gov.in` ನಲ್ಲಿ ಅಂಚೆ ಇಲಾಖೆಯನ್ನು ಆರಿಸಿಕೊಂಡರೆ ಮನೆಯಲ್ಲೇ ಮುಗಿಯುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಪ್ರಶ್ನೆ ಹೀಗಿರಲಿ:

- ಈ ನಂಬರಿನ ಲಕೋಟೆ ಬುಕ್ ಆದ ದಿನಾಂಕ, ಗಂಟೆ ಮತ್ತು ಕಚೇರಿ.
- ಡೆಲಿವರಿಗೆ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟ ಪ್ರತಿ ದಿನಾಂಕ ಮತ್ತು ಅವತ್ತಿನ ಷರಾ.
- ಡೆಲಿವರಿ ಆದ ದಿನಾಂಕ, ಗಂಟೆ, ಪಡೆದವರ ಹೆಸರು.
- ಪಡೆದವರ ಸಹಿ ಇರುವ ದಾಖಲೆಯ ನಕಲು.

"ಯಾಕೆ ತಡ ಮಾಡಿದಿರಿ?" ಎಂದು ಮಾತ್ರ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಇರುವ ದಾಖಲೆ ಕೊಡುತ್ತಾರೆ, ಕಾರಣ ವಿವರಿಸುವುದಿಲ್ಲ. ಆ ಒಂದು ಪ್ರಶ್ನೆ ಇಡೀ ಅರ್ಜಿಯ ಉತ್ತರವನ್ನು ತೇಲಿಸಿಬಿಡಲು ನೆಪವಾಗುತ್ತದೆ.

ನಾಲ್ಕನೆಯ ಅಂಶದಲ್ಲಿ ಸಹಿ ಯಾರದ್ದು ಎಂಬುದು ಮುಖ್ಯ. ಮನೆಯಲ್ಲಿದ್ದ ಹೆಂಡತಿಯೋ ದೊಡ್ಡ ಮಗನೋ ಸಹಿ ಹಾಕಿದ್ದರೆ, ಸಾಮಾನ್ಯವಾಗಿ ಅವತ್ತೇ ನಿಮಗೆ ತಲುಪಿದಂತೆ. ನೀವು ಊರಿನಿಂದ ಬಂದು ನೋಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಅದು ತಡಕ್ಕೆ ಕಾರಣವಾಗಿ ಹೇಳಬಹುದಷ್ಟೆ. ಸಹಿ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರದ್ದೋ ಗುರುತೇ ಇಲ್ಲದವರದ್ದೋ ಆಗಿದ್ದರೆ, ಅವರಿಗೆ ಪಡೆಯುವ ಅಧಿಕಾರ ನಾನು ಕೊಟ್ಟಿರಲಿಲ್ಲ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ. ಲಕೋಟೆ ನಿಜವಾಗಿ ನಿಮ್ಮ ಕೈಗೆ ಹೇಗೆ, ಯಾವತ್ತು ಬಂತು ಎಂಬುದನ್ನೂ ಅದರಲ್ಲೇ ಬರೆಯಿರಿ.

ಇನ್ನು ಹಳೆಯ ವಿಳಾಸಕ್ಕೆ ಹೋಗಿದ್ದ ಲಕೋಟೆಗಳ ವಿಷಯ. "ನಾನು ಮನೆ ಬದಲಾಯಿಸಿ ಎರಡು ವರ್ಷ ಆಯ್ತು, ಹಳೇ ಮನೆಗೆ ಕಳಿಸಿದ್ದು ನಡೆಯಲ್ಲ" ಎಂದು ಬಹಳ ಜನ ನಂಬಿದ್ದಾರೆ. ನಿಯಮ 127ರ ಪ್ರಕಾರ ಪ್ಯಾನ್ ದಾಖಲೆಯಲ್ಲಿರುವ ವಿಳಾಸಕ್ಕೂ ಕಳಿಸಬಹುದು, ರಿಟರ್ನಿನಲ್ಲಿರುವ ವಿಳಾಸಕ್ಕೂ ಕಳಿಸಬಹುದು. ಪ್ಯಾನ್‌ನಲ್ಲಿ ವಿಳಾಸ ಬದಲಿಸದೇ ಬಿಟ್ಟಿದ್ದರೆ ಆ ವಾದ ಗಟ್ಟಿ ಅಲ್ಲ.

6. ದಿನ ಎಣಿಸುವಾಗ ಹತ್ತಿರದ ಗಡುವನ್ನೇ ಹಿಡಿಯಿರಿ

ತಲುಪಿದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ಮೇಷ್ಟ್ರಿಗೆ ಲಕೋಟೆ ಸಿಕ್ಕಿದ್ದು ಮಾರ್ಚ್ 24. 25 ಒಂದನೇ ದಿನ. 31ಕ್ಕೆ ಏಳು ದಿನ. ಹದಿನೈದನೇ ದಿನ ಏಪ್ರಿಲ್ 8. ಕೊನೆಯ ದಿನ ಕಚೇರಿಗೆ ರಜೆ ಇದ್ದರೆ ಮುಂದಿನ ಕೆಲಸದ ದಿನ ಕೊಟ್ಟರೂ ನಡೆಯುತ್ತದೆ.

ಆದರೆ ಅಧಿಕಾರಿ ಹೀಗೂ ಹೇಳಬಹುದು: "18ಕ್ಕೇ ಪೋಸ್ಟ್‌ಮ್ಯಾನ್ ಬಂದಿದ್ದರು, ಅವತ್ತಿನಿಂದಲೇ ಲೆಕ್ಕ." ಹಾಗೆ ಎಣಿಸಿದರೆ ಕೊನೆಯ ದಿನ ಏಪ್ರಿಲ್ 2. ಇನ್ನೂ ಬಿಗಿಯಾಗಿ ಹಿಡಿದು, ಬುಕ್ ಆದ 12ನೇ ತಾರೀಖಿನಿಂದಲೇ ಎಣಿಸಿದರೂ ಮಾರ್ಚ್ 27ರವರೆಗೆ ಸಮಯವಿದೆ. ಅಂದರೆ 24ರ ಸಂಜೆ ಗಾಬರಿಯಲ್ಲಿ ಕೂತಿದ್ದ ಮೇಷ್ಟ್ರ ಕೈಯಲ್ಲಿ, ಯಾರೂ ಪ್ರಶ್ನಿಸಲಾಗದ ಮೂರು ದಿನ ಇತ್ತು. 27ರೊಳಗೆ ಉತ್ತರ ಕೊಟ್ಟರೆ ಜಗಳವೇ ಇಲ್ಲ. ಆಗದಿದ್ದರೆ ಏಪ್ರಿಲ್ 2. ಏಪ್ರಿಲ್ 8 ನಿಮ್ಮ ಹಕ್ಕೇ ಆದರೂ, ಅಲ್ಲಿಯವರೆಗೆ ಕಾದು ವಾದಕ್ಕೆ ಯಾಕೆ ಅವಕಾಶ ಕೊಡಬೇಕು, ಅಲ್ವಾ?

7. ಉತ್ತರ ಮತ್ತು ಆಕ್ಷೇಪ ಒಟ್ಟಿಗೇ ಹೋಗಲಿ

ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ, ನಿಮ್ಮ ಗಡುವು 15 ದಿನ. ಕಾಯಲು ಆಗುವುದಿಲ್ಲ. ಟ್ರ್ಯಾಕಿಂಗ್ ಪುಟ, ಲಕೋಟೆಯ ನಕಲು, ಮಾಹಿತಿ ಹಕ್ಕು ಅರ್ಜಿಯ ನೋಂದಣಿ ಸಂಖ್ಯೆ ಇಟ್ಟು ಉತ್ತರ ಕಳಿಸಿ. ಉಳಿದ ದಾಖಲೆ ಬಂದ ಮೇಲೆ ಸೇರಿಸುತ್ತೇನೆ ಎಂದು ಬರೆದರೆ ಸಾಕು.

ದಿನಾಂಕದ ಮಾತು ಮೊದಲ ಉತ್ತರದಲ್ಲೇ ಇರಬೇಕು. ಸೆಕ್ಷನ್ 292ಬಿಬಿ ಎಂಬುದೊಂದಿದೆ. ನೀವು ವಿಚಾರಣೆಯಲ್ಲಿ ಭಾಗವಹಿಸಿ, ನೋಟಿಸ್ ಸಮಯಕ್ಕೆ ಸರಿಯಾಗಿ ತಲುಪಲಿಲ್ಲ ಎಂಬ ಆಕ್ಷೇಪವನ್ನು ತೆರಿಗೆ ನಿರ್ಧಾರ ಮುಗಿಯುವ ಮೊದಲು ಎತ್ತದಿದ್ದರೆ, ಆಮೇಲೆ ಮೇಲ್ಮನವಿಯಲ್ಲಿ ಎತ್ತಲು ಬಿಡುವುದಿಲ್ಲ. "ಈಗ ಉತ್ತರ ಕೊಡೋಣ, ತಾರೀಖಿನ ವಿಷಯ ಆಮೇಲೆ ನೋಡೋಣ" ಎಂದವರು ಸಿಕ್ಕಿಬೀಳುವುದು ಇಲ್ಲೇ. ಬರೀ ಆಕ್ಷೇಪ ಕಳಿಸಿ, ನೋಟಿಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡದಿರುವುದೂ ಅಷ್ಟೇ ತಪ್ಪು. ತಾರೀಖಿನ ವಾದದಲ್ಲಿ ಸೋತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪತ್ರದ ಮೊದಲ ಭಾಗ ಹೀಗಿದ್ದರೆ ಸಾಕು. ಕಚೇರಿಗೆ ಇಂಗ್ಲಿಷಿನಲ್ಲಿ ಬರೆಸುವುದು ಒಳ್ಳೆಯದು, ಒಕ್ಕಣೆ ಇದೇ ಇರಲಿ:

"ದಿನಾಂಕ 3-3-2025ರ ತಮ್ಮ ನೋಟಿಸನ್ನು 12-3-2025ರಂದು ಅಂಚೆಗೆ ಹಾಕಲಾಗಿದೆ. 18-3-2025ರಂದು ಪೋಸ್ಟ್‌ಮ್ಯಾನ್ ಬಂದಾಗ ನಾನು ಊರಿನಲ್ಲಿರಲಿಲ್ಲ. 24-3-2025ರಂದು ಅಂಚೆ ಕಚೇರಿಯಲ್ಲಿ ಸಹಿ ಮಾಡಿ ಪಡೆದಿದ್ದೇನೆ. ಟ್ರ್ಯಾಕಿಂಗ್ ವಿವರ, ಲಕೋಟೆಯ ನಕಲು ಮತ್ತು ಪ್ರಯಾಣದ ಟಿಕೆಟ್ ಲಗತ್ತಿಸಿದ್ದೇನೆ. ನೋಟಿಸಿನಲ್ಲಿ ಹೇಳಿರುವಂತೆ ತಲುಪಿದ ದಿನದಿಂದ 15 ದಿನದೊಳಗೆ ಈ ಉತ್ತರ ಸಲ್ಲಿಸುತ್ತಿದ್ದೇನೆ. ತಡವಾಗಿದೆ ಎಂದು ತಾವು ಭಾವಿಸುವುದಾದರೆ, ಮೇಲಿನ ಕಾರಣಕ್ಕಾಗಿ ತಡವನ್ನು ಮನ್ನಿಸಿ ಉತ್ತರವನ್ನು ಪರಿಗಣಿಸಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯ ಬರೆದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಕೆಲವರಿಗೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಮೊದಲ ವಾದ ನಿಲ್ಲದಿದ್ದರೆ ಎರಡನೆಯದು ಇರಲಿ ಎಂದು ವಕೀಲರೂ ಹೀಗೆಯೇ ಬರೆಯುತ್ತಾರೆ.

ಪೋರ್ಟಲಿನಲ್ಲಿ ಉತ್ತರದ ಕಿಂಡಿ ತೆರೆದಿದ್ದರೆ ಅಲ್ಲೇ ಹಾಕಿ, ಸಲ್ಲಿಕೆಯ ಸಂಖ್ಯೆ ಉಳಿಸಿಕೊಳ್ಳಿ. ಮುಚ್ಚಿದ್ದರೆ ನೋಟಿಸಿನಲ್ಲಿರುವ ಅಧಿಕಾರಿಯ ಇಮೇಲಿಗೆ ಕಳಿಸಿ, ಕಾಗದದ ಪ್ರತಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ದಿನಾಂಕವಿರುವ ಸೀಲ್ ಹಾಕಿಸಿ. ಅಸಲಿ ಲಕೋಟೆ ಕೊಡಬೇಡಿ. ಕೇಳಿದರೆ ತೋರಿಸಿ, ನಕಲು ಕೊಡಿ.

8. ಅಷ್ಟರಲ್ಲಿ ಆದೇಶವೇ ಆಗಿಬಿಟ್ಟಿದ್ದರೆ

ಉತ್ತರ ಬರಲಿಲ್ಲ ಎಂದು ಅಧಿಕಾರಿ ತಮ್ಮ ಅಂದಾಜಿನಲ್ಲೇ ತೆರಿಗೆ ನಿರ್ಧರಿಸಿ ಆದೇಶ ಮಾಡಿರಬಹುದು. ಕೆಲವು ನೋಟಿಸುಗಳಿಗೆ ಉತ್ತರ ಕೊಡದಿದ್ದರೆ 10,000 ರೂಪಾಯಿ ದಂಡವೂ ಇದೆ. ದಂಡದ ವಿಷಯದಲ್ಲಿ ಸೆಕ್ಷನ್ 273ಬಿ ನೆರವಿಗೆ ಬರುತ್ತದೆ: ತಕ್ಕ ಕಾರಣ ತೋರಿಸಿದರೆ ದಂಡ ಹಾಕುವಂತಿಲ್ಲ. ನಿಮ್ಮ ಅಂಚೆ ದಾಖಲೆಯೇ ಆ ಕಾರಣ.

ಆದೇಶದ ವಿರುದ್ಧ ಫಾರ್ಮ್ 35ರಲ್ಲಿ ಮೇಲ್ಮನವಿ ಹಾಕಬೇಕು. ತೆರಿಗೆ ಕಟ್ಟಿ ಎಂಬ ಡಿಮ್ಯಾಂಡ್ ನೋಟಿಸ್ ತಲುಪಿದ ದಿನದಿಂದ 30 ದಿನ ಸಮಯ. ಫಾರ್ಮಿನಲ್ಲಿ ಆದೇಶದ ದಿನಾಂಕಕ್ಕೆ ಒಂದು ಕಡೆ, ಅದು ತಲುಪಿದ ದಿನಾಂಕಕ್ಕೆ ಇನ್ನೊಂದು ಕಡೆ ಜಾಗವಿದೆ. ಅವಸರದಲ್ಲಿ ಎರಡಕ್ಕೂ ಆದೇಶದ ದಿನಾಂಕವನ್ನೇ ತುಂಬಿ, ಸಮಯದೊಳಗಿದ್ದ ಮೇಲ್ಮನವಿಯನ್ನು ತಾವೇ ತಡ ಎಂದು ತೋರಿಸಿಕೊಂಡವರಿದ್ದಾರೆ. ತಲುಪಿದ ದಿನ ಬರೆದು, ಈ ಆದೇಶದ ಲಕೋಟೆಯ ಟ್ರ್ಯಾಕಿಂಗ್ ಪುಟವನ್ನು ಲಗತ್ತಿಸಿ. ಮೊದಲ ನೋಟಿಸಿನ ಲಕೋಟೆ ಬೇರೆ, ಇದರದ್ದು ಬೇರೆ. ಎರಡನ್ನೂ ಇಟ್ಟುಕೊಂಡಿರಬೇಕು. ನಿಜಕ್ಕೂ 30 ದಿನ ಮೀರಿದ್ದರೆ ಅದೇ ಫಾರ್ಮಿನಲ್ಲಿ ತಡಕ್ಕೆ ಕಾರಣ ಬರೆಯುವ ಜಾಗವಿದೆ. ತಕ್ಕ ಕಾರಣವಿದ್ದರೆ ತಡವಾದ ಮೇಲ್ಮನವಿಯನ್ನೂ ಸ್ವೀಕರಿಸಲು ಸೆಕ್ಷನ್ 249(3) ಅವಕಾಶ ಕೊಡುತ್ತದೆ.

ಮೇಲ್ಮನವಿಯಲ್ಲಿ ಇನ್ನೊಂದು ಕೋರಿಕೆಯನ್ನೂ ಸೇರಿಸಿ: ನೋಟಿಸನ್ನು ಯಾವ ದಿನ, ಯಾರಿಗೆ, ಹೇಗೆ ತಲುಪಿಸಿದರು ಎಂಬುದಕ್ಕೆ ತೆರಿಗೆ ಕಚೇರಿ ತನ್ನ ದಾಖಲೆ ತೋರಿಸಲಿ. ಅವರ ಟಪಾಲು ರವಾನೆ ಪುಸ್ತಕದಲ್ಲಿ ಮಾರ್ಚ್ 12 ಎಂದೇ ಇದ್ದರೆ, ನಿಮ್ಮ ಟ್ರ್ಯಾಕಿಂಗ್ ಪುಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.